ಥೆರಪ್ಯೂಟಿಕ್ ಕಮ್ಯುನಿಕೇಷನ್ ಅಸೈನ್‌ಮೆಂಟ್ ವಾಪಸ್ ಬಂದಿದೆ, ಐದನೇ ಸಾಲಿನಲ್ಲಿ ತಪ್ಪೇನು?

ಮೂರನೇವರ್ಷ

ಎಲ್ಲರಿಗೂ ನಮಸ್ಕಾರ. ಮೆಂಟಲ್ ಹೆಲ್ತ್ ನರ್ಸಿಂಗ್‌ನಲ್ಲಿ ನಮಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಇಬ್ಬರು ಸೇರಿ ರೋಲ್ ಪ್ಲೇ ಮಾಡಬೇಕು, ಒಬ್ಬರು ರೋಗಿ, ಒಬ್ಬರು ನರ್ಸ್. ಮಾತುಕತೆಯನ್ನು ರೆಕಾರ್ಡ್ ಮಾಡಿ, ಕೇಳಿ ಕೇಳಿ ಬರೆದು, ಪ್ರತಿ ಸಾಲಿನ ಪಕ್ಕದಲ್ಲಿ ಯಾವ ಟೆಕ್ನಿಕ್ ಬಳಸಿದ್ದೇವೆ ಅಂತ ಹಾಕಿ ವಿಶ್ಲೇಷಣೆ ಮಾಡಬೇಕು. ನಾನು ಮಾಡಿ ಕೊಟ್ಟೆ. ಮೇಡಂ ವಾಪಸ್ ಕಳಿಸಿದ್ದಾರೆ. ಐದನೇ ಸಾಲಿಗೆ ಕೆಂಪು ಗೆರೆ ಎಳೆದು "ಟೆಕ್ನಿಕ್‌ನ ಹೆಸರು ಇದೆ, ಟೆಕ್ನಿಕ್ ಎಲ್ಲಿದೆ?" ಅಂತ ಬರೆದಿದ್ದಾರೆ. ಅಷ್ಟೇ. ಇನ್ನೇನೂ ಹೇಳಿಲ್ಲ.

ರೋಗಿ ಅಂದರೆ ನನ್ನ ಗೆಳತಿ. ಪಾತ್ರ: 45 ವರ್ಷದ ಹೆಂಗಸು, ಡಿಪ್ರೆಶನ್, ವಾರ್ಡಿಗೆ ಸೇರಿ ನಾಲ್ಕು ದಿನ. ಮಾತುಕತೆ ಇದು, ಕೊನೆಯಲ್ಲಿರುವುದು ನಾನು ಕೊಟ್ಟ ಹೆಸರು:

1. ನರ್ಸ್: ನಮಸ್ತೆ ಅಮ್ಮಾ, ನಾನು ನರ್ಸಿಂಗ್ ಸ್ಟೂಡೆಂಟ್. ಇವತ್ತು ಹೇಗಿದ್ದೀರಿ? — ಬ್ರಾಡ್ ಓಪನಿಂಗ್
ರೋಗಿ: (ನೆಲ ನೋಡುತ್ತಾ) ಇದ್ದೀನಿ.

2. ನರ್ಸ್: ರಾತ್ರಿ ನಿದ್ದೆ ಬಂತಾ? — ಫೋಕಸಿಂಗ್
ರೋಗಿ: ಬರುತ್ತೆ. ಮೂರು ಗಂಟೆಗೇ ಎಚ್ಚರ ಆಗುತ್ತೆ. ಆಮೇಲೆ ಸುಮ್ನೆ ಬಿದ್ದಿರೋದು.

3. ನರ್ಸ್: ಯಾಕೆ ಎಚ್ಚರ ಆಗುತ್ತೆ? — ಎಕ್ಸ್‌ಪ್ಲೋರಿಂಗ್
ರೋಗಿ: ಗೊತ್ತಿಲ್ಲ.

4. ನರ್ಸ್: (ಮಾತಿಲ್ಲ) — ಸೈಲೆನ್ಸ್
ರೋಗಿ: ಮನೇಲಿ ಎಲ್ಲರಿಗೂ ನಾನು ಹೊರೆ. ನಾನಿಲ್ಲ ಅಂದ್ರೆ ಅವರಾದ್ರೂ ನೆಮ್ಮದಿಯಾಗಿ ಇರ್ತಾರೆ.

5. ನರ್ಸ್: ಹಾಗೆಲ್ಲ ಯೋಚನೆ ಮಾಡಬಾರದು ಅಮ್ಮಾ. ನಿಮ್ಮ ಮಕ್ಕಳಿಗೆ ನೀವು ಬೇಕು ಅಲ್ವಾ? ಎಲ್ಲ ಸರಿ ಹೋಗುತ್ತೆ. — ರಿಫ್ಲೆಕ್ಷನ್, ಎಂಪತಿ
ರೋಗಿ: ಹೂಂ.

6. ನರ್ಸ್: ಬೆಳಿಗ್ಗೆ ಮಾತ್ರೆ ತಗೊಂಡ್ರಾ?
ರೋಗಿ: ಹೂಂ.

ಇದಾದ ಮೇಲೆ ಸಮ್ಮರೈಸಿಂಗ್, ಥ್ಯಾಂಕ್ಸ್, ಮುಗಿಯಿತು. ನಾನು ಮೃದುವಾಗಿಯೇ ಮಾತಾಡಿದ್ದೆ. ಐದರಲ್ಲಿ ತಪ್ಪೇನು ಅಂತ ನಿಜಕ್ಕೂ ಗೊತ್ತಾಗ್ತಿಲ್ಲ.

ಪುಸ್ತಕದಹುಳ

ತಪ್ಪು ಸುಲಭ. ಐದನೇ ಸಾಲು ಫಾಲ್ಸ್ ರೀಅಶ್ಯೂರೆನ್ಸ್. "ಎಲ್ಲ ಸರಿ ಹೋಗುತ್ತೆ" ಅಂದರೆ ಮುಗೀತು, ನಾನ್ ಥೆರಪ್ಯೂಟಿಕ್ ಪಟ್ಟಿಯಲ್ಲಿ ಮೊದಲನೆಯದೇ ಅದು. ಮೂರನೇ ಸಾಲಿನ "ಯಾಕೆ" ಕೂಡ ತಪ್ಪು. ಎರಡನೇದು ಕ್ಲೋಸ್ಡ್ ಪ್ರಶ್ನೆ, ಅದೂ ತಪ್ಪು. ಓಪನ್ ಎಂಡೆಡ್ ಬಿಟ್ಟು ಬೇರೆ ಪ್ರಶ್ನೆ ಕೇಳಲೇಬಾರದು. ಈ ಮೂರು ಬದಲಿಸಿ, ಇನ್ನೂ ನಾಲ್ಕೈದು ಟೆಕ್ನಿಕ್ ಸೇರಿಸಿ, ಪಾಸ್.

ಇನ್ನೊಂದು ಮಾತು. ರೋಗಿ ಸಾವಿನ ಮಾತು ಎತ್ತಿದಾಗ ಆ ಕಡೆ ಹೋಗದೇ ಇರೋದೇ ಒಳ್ಳೇದು. ನಾವೇ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ. ನೀವು ಆರನೇ ಸಾಲಿನಲ್ಲಿ ವಿಷಯ ಬದಲಿಸಿದ್ದು ಸರಿಯಾಗೇ ಇದೆ.

ರಾತ್ರಿಪಾಳಿ

ಸೈಕಿಯಾಟ್ರಿ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಆಯ್ತು, ಸ್ಟೂಡೆಂಟ್‌ಗಳ ಈ ಫೈಲ್‌ಗಳನ್ನು ನೋಡೋದೂ ನನ್ನ ಪಾಲಿಗೆ ಬಂದಿದೆ. ಹುಳದವರು ಹೇಳಿದ್ದರಲ್ಲಿ ಮೊದಲ ವಾಕ್ಯ ಸರಿ. ಕೊನೆಯದು ತಪ್ಪು ಮಾತ್ರ ಅಲ್ಲ, ವಾರ್ಡಿನಲ್ಲಿ ಅಪಾಯ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಹೆಸರಿನ ವಿಷಯ. ನೀವೊಂದು ಮಾತು ಆಡಿದ ಕೂಡಲೇ ಅದು ರಿಫ್ಲೆಕ್ಷನ್ ಆಗಿಬಿಡಲ್ಲ. ನೀವು ಆಡಿದ ಮಾತಿನ ಮುಂದಿನ ಸಾಲಿನಲ್ಲಿ ರೋಗಿ ಏನು ಮಾಡಿದರು ಅಂತ ನೋಡಿ. ವಿಶ್ಲೇಷಣೆ ಶುರುವಾಗೋದೇ ಅಲ್ಲಿಂದ. ಐದನೇ ಸಾಲಿನ ನಂತರ "ಹೂಂ". ಆರರ ನಂತರವೂ "ಹೂಂ". ನಾಲ್ಕನೇ ಸಾಲಿನಲ್ಲಿ ಇಡೀ ಮಾತುಕತೆಯ ಅತಿ ದೊಡ್ಡ ಮಾತನ್ನು ಹೇಳಿದ ಹೆಂಗಸು ಒಂದೇ ಸಾಲಿನಲ್ಲಿ "ಹೂಂ"ಗೆ ಇಳಿದರು. ಅಂದರೆ ಅಲ್ಲಿ ಬಾಗಿಲು ಹಾಕಿಕೊಂಡಿತು. ಹಾಕಿದ್ದು ನೀವು. ಮೃದುವಾಗಿ ಹಾಕಿದರೂ ಹಾಕಿದ್ದೇ.

ಆ ಸಾಲಿನಲ್ಲಿ ಮೂರು ಬೇರೆ ಬೇರೆ ಕೆಲಸ ಆಗಿದೆ. "ಹಾಗೆಲ್ಲ ಯೋಚನೆ ಮಾಡಬಾರದು" ಅನ್ನೋದು ಅವರ ಮಾತನ್ನೇ ತಪ್ಪು ಅಂದ ಹಾಗೆ. "ಮಕ್ಕಳಿಗೆ ನೀವು ಬೇಕು" ಅನ್ನೋದು ವಾದ. ನಾನು ಹೊರೆ ಅಂತ ನಂಬಿಕೊಂಡವರಿಗೆ ಮಕ್ಕಳ ಹೆಸರು ಎತ್ತಿದರೆ ಅಯ್ಯೋ ಅವರಿಗೂ ಕಷ್ಟ ಕೊಡ್ತಿದ್ದೀನಲ್ಲ ಅಂತ ಪಾಪಪ್ರಜ್ಞೆ ಇನ್ನೂ ಜಾಸ್ತಿ ಆಗಬಹುದು. "ಎಲ್ಲ ಸರಿ ಹೋಗುತ್ತೆ" ಅನ್ನೋದು ಯಾರಿಗೂ ಕೊಡೋಕೆ ಆಗದ ಭರವಸೆ. ಹಾಗಾಗಿ ಬರೀ ಫಾಲ್ಸ್ ರೀಅಶ್ಯೂರೆನ್ಸ್ ಅಂತ ಒಂದು ಚೀಟಿ ಅಂಟಿಸಿದರೂ ಅರ್ಧ ವಿಶ್ಲೇಷಣೆ ಆಯ್ತು ಅಷ್ಟೇ.

ನಿಮಗೊಂದು ಪ್ರಶ್ನೆ. ನಾಲ್ಕನೇ ಸಾಲಿನ ಸೈಲೆನ್ಸ್ ಎಷ್ಟು ಹೊತ್ತು ಇತ್ತು? ರೆಕಾರ್ಡಿಂಗ್ ಇದೆಯಲ್ಲ, ನೋಡಿ ಹೇಳಿ. ಆಗ ನೀವು ಏನು ಯೋಚಿಸುತ್ತಿದ್ದಿರಿ?

ಅಣ್ಣನತಂಗಿ

ನಡುವೆ ಬಂದೆ, ಕ್ಷಮಿಸಿ. ನಾನು ನರ್ಸ್ ಅಲ್ಲ. ರೋಗಿ ಜೊತೆ ಹೇಗೆ ಮಾತಾಡಬೇಕು ಅಂತ ಚರ್ಚೆ ನೋಡಿ ಕೇಳ್ತಿದ್ದೀನಿ. ನನ್ನ ಅಣ್ಣನಿಗೆ ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ, ಟ್ರೀಟ್‌ಮೆಂಟ್ ನಡೀತಿದೆ. ಗೋಡೆ ಆಚೆ ಬೈತಿದ್ದಾರೆ ಅಂತಾನೆ. ನಾನು ಯಾರೂ ಇಲ್ಲ ಕಣೋ, ಬಾ ತೋರಿಸ್ತೀನಿ ಅಂತ ಕರ್ಕೊಂಡು ಹೋಗಿ ತೋರಿಸ್ತೀನಿ. ಕೋಪ ಮಾಡ್ಕೊಂಡು ಎರಡು ದಿನ ಮಾತೇ ಬಿಡ್ತಾನೆ. ಅಮ್ಮ ಹೂಂ ಹೂಂ ಬೈತಿದ್ದಾರೆ ಅಂತ ಒಪ್ಪಿಕೊಂಡುಬಿಡ್ತಾರೆ. ಯಾರು ಮಾಡ್ತಿರೋದು ಸರಿ?

ಮೂರನೇವರ್ಷ

@ರಾತ್ರಿಪಾಳಿ ಸಿಸ್ಟರ್, ನೋಡಿದೆ. ಹನ್ನೊಂದು ಸೆಕೆಂಡ್ ಇದೆ. ಹೇಳೋಕೆ ನಾಚಿಕೆ, ಅದು ಟೆಕ್ನಿಕ್ ಅಂತ ಮಾಡಿದ್ದಲ್ಲ. ಅವಳು "ಗೊತ್ತಿಲ್ಲ" ಅಂದಳಲ್ಲ, ಮುಂದಿನ ಪ್ರಶ್ನೆ ನನಗೆ ಮರೆತೇ ಹೋಯ್ತು. ಬರೆಯುವಾಗ ಸೈಲೆನ್ಸ್ ಅಂತ ಹಾಕಿದೆ. 😬

ರಾತ್ರಿಪಾಳಿ

ಹ್ಹಹ್ಹ. ಇದನ್ನೇ ಬರೆಯಿರಿ, ಹೀಗೇ ಬರೆಯಿರಿ. ಮೇಡಂಗೆ ಬೇಕಾಗಿರೋದು ಅದೇ ಇರಬಹುದು. ನೋಡಿ, ನಿಮಗೆ ಮಾತು ಮರೆತ ಆ ಹನ್ನೊಂದು ಸೆಕೆಂಡಿನಲ್ಲೇ ಆ ಹೆಂಗಸು ಮನಸ್ಸಿನ ಮಾತು ಹೇಳಿದರು. ಡಿಪ್ರೆಶನ್ ಜಾಸ್ತಿ ಇದ್ದವರಿಗೆ ಪ್ರಶ್ನೆ ಕಿವಿಗೆ ಬಿದ್ದು ಉತ್ತರ ಬಾಯಿಗೆ ಬರೋಕೆ ಹೊತ್ತು ಬೇಕು. ಯೋಚನೆಯೇ ನಿಧಾನ ಆಗಿರುತ್ತೆ. ಹೊಸಬರು ಎರಡು ಮೂರು ಸೆಕೆಂಡಿಗೇ ಇನ್ನೊಂದು ಪ್ರಶ್ನೆ ಎಸೀತಾರೆ. ರೋಗಿ ಮೊದಲನೇದಕ್ಕೆ ಉತ್ತರ ಹುಡುಕ್ತಾ ಇರೋವಾಗ ಎರಡನೇದು ಬಂದು ಬೀಳುತ್ತೆ, ಆಗ "ಗೊತ್ತಿಲ್ಲ" ಅನ್ನೋದೇ ಸುಲಭ.

"ಮೂರು ಗಂಟೆಗೇ ಎಚ್ಚರ" ಅನ್ನೋದನ್ನೂ ನೀವು ಸುಮ್ನೆ ದಾಟಿ ಹೋಗಿದ್ದೀರಿ. ಬೆಳಗಿನ ಜಾವ ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಬಾರದೇ ಇರೋದು ಡಿಪ್ರೆಶನ್‌ನಲ್ಲಿ ನಾವು ಪದೇ ಪದೇ ಕೇಳೋ ಮಾತು. ಬೆಳಗಿನ ಹೊತ್ತು ಮನಸ್ಸು ತೀರಾ ಕೆಳಗಿರುತ್ತೆ ಅಂತ ಎಷ್ಟೋ ಜನ ಹೇಳ್ತಾರೆ. ಅಲ್ಲಿ "ಯಾಕೆ" ಬೇಡ. "ಎಚ್ಚರ ಆದ ಮೇಲೆ ಮಲಗೇ ಇರ್ತೀರಲ್ಲ, ಆಗ ಮನಸ್ಸಲ್ಲಿ ಏನು ಓಡ್ತಾ ಇರುತ್ತೆ?" ಅಂತ ಕೇಳಿ. ಅದು ಎಕ್ಸ್‌ಪ್ಲೋರಿಂಗ್.

@ಅಣ್ಣನತಂಗಿ, ಇಲ್ಲಿನ ಪ್ರಶ್ನೆ ಬೇರೆ, ಆದರೂ ಹೇಳ್ತೀನಿ. ಇಬ್ಬರದೂ ಬೇಡ. ವಾದ ಮಾಡಿದರೆ ಅವನು ಒಂಟಿ ಆಗ್ತಾನೆ, ಒಪ್ಪಿಕೊಂಡರೆ ದನಿಗೆ ಸಾಕ್ಷಿ ಸಿಕ್ಕ ಹಾಗೆ. "ನನಗೆ ಕೇಳಿಸ್ತಿಲ್ಲ ಕಣೋ, ನಿಂಗೆ ಕೇಳಿಸ್ತಿದೆ ಅಂತ ಗೊತ್ತು, ಭಯ ಆಗ್ತಿದೆಯಾ?" ಅಂತ ಕೇಳಿ. ದನಿ ಏನು ಹೇಳ್ತಿದೆ ಅಂತಲೂ ಒಮ್ಮೆ ಕೇಳಿ. ತನಗೋ ಬೇರೆಯವರಿಗೋ ಏನಾದರೂ ಮಾಡು ಅಂತ ಹೇಳ್ತಿದೆ ಅಂದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅವನನ್ನು ಒಬ್ಬನೇ ಬಿಡಬೇಡಿ.

ಅಣ್ಣನತಂಗಿ

ಥ್ಯಾಂಕ್ಸ್ ಅಕ್ಕಾ. ಇವತ್ತು ರಾತ್ರಿ ಹಾಗೇ ಕೇಳಿ ನೋಡ್ತೀನಿ. ಆದರೆ ಒಂದು ಮಾತು. ನೀವು ಡ್ಯೂಟಿ ಮುಗಿಸಿ ಮನೆಗೆ ಹೋಗ್ತೀರಿ. ನಾನು ಇಪ್ಪತ್ನಾಲ್ಕು ಗಂಟೆ ಅಲ್ಲೇ ಇರ್ತೀನಿ. ಪ್ರತಿ ಸಲ ಹೀಗೆ ತೂಗಿ ತೂಗಿ ಮಾತಾಡೋಕೆ ನನ್ನಿಂದ ಆಗಲ್ಲ.

ರಾತ್ರಿಪಾಳಿ

ಆಗಲ್ಲ. ಆಗಬೇಕಾಗಿಯೂ ಇಲ್ಲ. ನೀವು ತಂಗಿ. ನರ್ಸ್ ಮಾತಿಗೆ ಹೊತ್ತು, ಗುರಿ, ಮುಕ್ತಾಯ ಎಲ್ಲ ಇರುತ್ತೆ. ತಂಗಿಗೆ ಅದ್ಯಾವುದೂ ಇರಲ್ಲ. ಸುಸ್ತಾದಾಗ ಸುಮ್ನೆ ಪಕ್ಕದಲ್ಲಿ ಕೂತಿರಿ.

ಪುಸ್ತಕದಹುಳ

ಸಿಸ್ಟರ್, ನನ್ನ ಮಾತು ಅಪಾಯ ಅಂದಿರಿ, ಯಾಕೆ ಅಂತ ಹೇಳಲೇ ಇಲ್ಲ.

ರಾತ್ರಿಪಾಳಿ

ಬಂದೆ. ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಹಳೇ ನಂಬಿಕೆ. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಕೇಳಿದಾಗ ಎಷ್ಟೋ ಜನ ಉಸಿರು ಬಿಡ್ತಾರೆ, ಕೊನೆಗೂ ಒಬ್ಬರು ಕೇಳಿದರಲ್ಲ ಅಂತ. "ನಾನಿಲ್ಲ ಅಂದ್ರೆ ಅವರಾದ್ರೂ ನೆಮ್ಮದಿಯಾಗಿ ಇರ್ತಾರೆ" ಅನ್ನೋ ಮಾತು ಬಂದ ಮೇಲೆ ಕೇಳದೇ ಬಿಡೋದು ಆಯ್ಕೆಯೇ ಅಲ್ಲ.

ಕೇಳೋವಾಗ ಸುತ್ತಿ ಬಳಸಿ ಕೇಳಬಾರದು. "ಹಾಗೇನೂ ಕೆಟ್ಟ ಯೋಚನೆ ಇಲ್ಲ ತಾನೆ?" ಅಂದರೆ "ಇಲ್ಲ" ಅನ್ನೋ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. ಇಲ್ಲಿ ಕ್ಲೋಸ್ಡ್ ಪ್ರಶ್ನೆಯೇ ಸರಿಯಾದ ಪ್ರಶ್ನೆ, ಹೌದು ಇಲ್ಲ ಎರಡರಲ್ಲಿ ಒಂದು ನಮಗೆ ಬೇಕು. ಓಪನ್ ಎಂಡೆಡ್ ಬಿಟ್ಟು ಬೇರೇನೂ ಕೇಳಲೇಬಾರದು ಅನ್ನೋದು ಇಲ್ಲೇ ಬಿದ್ದುಹೋಗುತ್ತೆ. ಎರಡನೇ ಸಾಲು ನೋಡಿ, "ನಿದ್ದೆ ಬಂತಾ?" ಅಂತ ಕ್ಲೋಸ್ಡ್ ಆಗಿಯೇ ಕೇಳಿದ್ದು. ಅದಕ್ಕೆ ಅಷ್ಟು ದೊಡ್ಡ ಉತ್ತರ ಬಂತಲ್ಲ?

ನಾಲ್ಕರಿಂದ ಮುಂದಕ್ಕೆ ನಾನಾಗಿದ್ದರೆ ಸುಮಾರು ಹೀಗೆ ಹೋಗ್ತಿತ್ತು. ರೋಗಿಯ ಉತ್ತರ ನನ್ನ ಊಹೆ.

ರೋಗಿ: ನಾನಿಲ್ಲ ಅಂದ್ರೆ ಅವರಾದ್ರೂ ನೆಮ್ಮದಿಯಾಗಿ ಇರ್ತಾರೆ.
ನರ್ಸ್: ಮನೆಯವರಿಗೆ ಹೊರೆ ಆಗಿಬಿಟ್ಟಿದ್ದೀನಿ ಅಂತ ತುಂಬಾ ನೋವಾಗ್ತಿದೆ. (ಕಾಯುವುದು)
ರೋಗಿ: ಇನ್ನೇನು ಮತ್ತೆ. ಎಲ್ಲರೂ ಅವರವರ ಕೆಲಸ ಬಿಟ್ಟು ನನ್ನ ಸುತ್ತಾನೇ ಓಡಾಡ್ತಾರೆ.
ನರ್ಸ್: ನಾನಿಲ್ಲ ಅಂದ್ರೆ ಅಂದಿರಲ್ಲ ಅಮ್ಮಾ. ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?
ರೋಗಿ: (ತುಂಬಾ ಹೊತ್ತು ಬಿಟ್ಟು) ಬರುತ್ತೆ.
ನರ್ಸ್: ಹೇಳಿದಿರಲ್ಲ, ಒಳ್ಳೇದಾಯ್ತು. ಹೇಗೆ ಏನು ಅಂತ ಏನಾದ್ರೂ ಯೋಚಿಸಿದ್ದೀರಾ?
ರೋಗಿ: ಅಷ್ಟೆಲ್ಲ ಇಲ್ಲ. ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ಸುತ್ತೆ.
ನರ್ಸ್: ಈ ಮಾತನ್ನ ನಾನೊಬ್ಬಳೇ ಇಟ್ಕೊಳ್ಳೋಕೆ ಆಗಲ್ಲ ಅಮ್ಮಾ. ವಾರ್ಡ್ ಸಿಸ್ಟರಿಗೆ, ಡಾಕ್ಟರಿಗೆ ಈಗಲೇ ಹೇಳ್ತೀನಿ. ಅಲ್ಲಿಯವರೆಗೂ ನಿಮ್ಮ ಜೊತೆ ಇಲ್ಲೇ ಇರ್ತೀನಿ.

ಮೊದಲನೇ ಮಾತು ರಿಫ್ಲೆಕ್ಷನ್, ಯಾಕಂದರೆ ಅವರು ಬಾಯಿಬಿಟ್ಟು ಹೇಳದ ನೋವನ್ನು ಅವರ ಕೈಗೇ ವಾಪಸ್ ಕೊಟ್ಟಿದೆ. "ಹೊರೆ ಅಂತೀರಾ?" ಅಂತ ಅವರ ಪದವನ್ನೇ ತಿರುಗಿಸಿದ್ದರೆ ಅದು ರೀಸ್ಟೇಟಿಂಗ್. ಸ್ಟೂಡೆಂಟ್‌ಗಳು ಇವೆರಡನ್ನೂ ಸದಾ ಕಲಸುಮೇಲೋಗರ ಮಾಡ್ತಾರೆ.

ಪ್ಲಾನ್ ಇಲ್ಲ ಅಂದರು ಅಂತ ಹಗುರ ಮಾಡಬೇಡಿ. ಬೆಳಿಗ್ಗೆ ಇಲ್ಲ ಅಂದವರು ಸಂಜೆಗೆ ಹೌದು ಅನ್ನಬಹುದು. ಮತ್ತೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡಲೇಬೇಡಿ. ಕೊಟ್ಟು ಮುರಿದರೆ ಆ ರೋಗಿ ಮತ್ತೆ ಯಾರ ಹತ್ತಿರವೂ ಬಾಯಿ ಬಿಡಲ್ಲ.

ಪುಸ್ತಕದಹುಳ

ಕೇಳೋ ವಿಷಯದಲ್ಲಿ ನಾನು ತಪ್ಪು, ಒಪ್ಪಿದೆ. ಆದರೆ "ಯಾಕೆ" ಬಗ್ಗೆ ನಾನು ಹೇಳಿದ್ದು ಸರಿ ತಾನೆ?

ರಾತ್ರಿಪಾಳಿ

ಸರಿ. ನಮ್ಮ ಭಾಷೆಯಲ್ಲಂತೂ "ಯಾಕೆ" ಅಂದರೆ ಅರ್ಧ ಬೈಗುಳ. "ಯಾಕೆ ಲೇಟು", "ಯಾಕೆ ತಿಂದಿಲ್ಲ", ಕಿವಿಗೆ ಹೇಗೆ ಬೀಳುತ್ತೆ ಹೇಳಿ. "ಏನಾಯ್ತು" ಅಂದರೆ ಅದೇ ಪ್ರಶ್ನೆ, ಆದರೆ ಕಟಕಟೆ ಇಲ್ಲ. ಇನ್ನೊಂದು, ಇಂಗ್ಲಿಷ್ ಪುಸ್ತಕದಿಂದ ಎತ್ತಿ "ಅದರ ಬಗ್ಗೆ ನಿಮಗೆ ಯಾವ ಭಾವನೆ ಉಂಟಾಗುತ್ತದೆ" ಅಂತ ಬರೆದುಕೊಂಡು ಬರ್ತಾರೆ. ಯಾವ ರೋಗಿಯೂ ಅದಕ್ಕೆ ಉತ್ತರ ಕೊಟ್ಟಿದ್ದನ್ನು ನಾನು ನೋಡಿಲ್ಲ. "ಆಗ ಮನಸ್ಸಿಗೆ ಹೇಗಾಯ್ತು?" ಅಂತ ಕೇಳಿದರೆ ಸಾಕು.

ಚಾಕ್‌ಪೀಸ್

ಪಾಠ ಮಾಡೋ ಕಡೆಯಿಂದ ಎರಡು ಮಾತು. ಇಂಥ ಅಸೈನ್‌ಮೆಂಟ್‌ನಲ್ಲಿ ಎಷ್ಟು ಟೆಕ್ನಿಕ್ ಇದೆ ಅಂತ ನಾನು ಎಣಿಸಲ್ಲ. ಹತ್ತು ಟೆಕ್ನಿಕ್ ಸಾಲಾಗಿ ಬಂದರೆ ಮೊದಲು ಹೆಸರು ಬರೆದು ಆಮೇಲೆ ಮಾತು ಕಟ್ಟಿದ್ದಾರೆ ಅಂತ ಗೊತ್ತಾಗಿಬಿಡುತ್ತೆ. ಮೂರನೇವರ್ಷದವರು ಒಂದು ಕಾಲಂ ಬಿಟ್ಟಿದ್ದಾರೆ. ರೋಗಿ ಹೇಳಿದ್ದು, ನರ್ಸ್ ಹೇಳಿದ್ದು, ಟೆಕ್ನಿಕ್, ಇಷ್ಟೇ ಇದೆ. ಆ ಕ್ಷಣದಲ್ಲಿ ನರ್ಸಿಗೆ ಒಳಗೆ ಏನಾಯ್ತು ಅನ್ನೋದು ಎಲ್ಲಿ? ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ನರ್ಸ್ ಮತ್ತು ರೋಗಿಯ ಸಂಬಂಧವನ್ನೇ ನರ್ಸಿಂಗಿನ ನಡುಮಧ್ಯಕ್ಕೆ ತಂದಿಟ್ಟರು. ಆ ಸಂಬಂಧದಲ್ಲಿ ನರ್ಸಿನ ಆತಂಕವೂ ಸೇರುತ್ತೆ. ಐದನೇ ಸಾಲಿನ ಮಾತು ಯಾರ ಸಮಾಧಾನಕ್ಕೆ ಬಂತು, ರೋಗಿಯದಕ್ಕಾ, ನಿಮ್ಮದಕ್ಕಾ?

ಕೂತ ಭಂಗಿಯ ಬಗ್ಗೆಯೂ ಬರೆಯಿರಿ. ಎಲ್ಲರೂ ಈಗನ್ ಅವರ ಸೋಲರ್ ಅಂತ ಬರೆದು ಎದುರಾಬದುರಾಗಿ ಕೂತೆ, ಕಣ್ಣಲ್ಲಿ ಕಣ್ಣಿಟ್ಟೆ ಅಂತಾರೆ. ನೆಲ ನೋಡ್ತಾ ಕೂತವರ ಮುಂದೆ ಹಾಗೆ ಕೂತರೆ ಪೊಲೀಸ್ ವಿಚಾರಣೆ ಥರ ಆಗುತ್ತೆ. ಸ್ವಲ್ಪ ಓರೆಯಾಗಿ ಕೂರಿ. 2011ರಲ್ಲಿ ಸ್ಟಿಕ್ಲಿ ಅನ್ನೋರು ಸೋಲರ್ ಬದಲು ಸುರಿಟಿ ಅಂತ ಒಂದು ಮಾದರಿ ಕೊಟ್ಟರು, ಅದರಲ್ಲಿ ಮೊದಲನೇದೇ ಓರೆಯಾಗಿ ಕೂರೋದು. ಸ್ಪರ್ಶಕ್ಕೂ ಅದರಲ್ಲಿ ಜಾಗ ಇದೆ. ಅಳೋವಾಗ ಕೈ ಹಿಡಿದರೆ ತಪ್ಪೇನಿಲ್ಲ.

ರಾತ್ರಿಪಾಳಿ

ಸ್ಪರ್ಶದ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಸೈಕಿಯಾಟ್ರಿ ವಾರ್ಡಿನಲ್ಲಿ ಎದುರಿಗಿರೋರಿಗೆ ಹಿಂದೆ ಏನಾಗಿದೆ ಅಂತ ಸ್ಟೂಡೆಂಟ್‌ಗೆ ಗೊತ್ತಿರಲ್ಲ. ಹೆಗಲ ಮೇಲೆ ಕೈ ಇಟ್ಟ ಕೂಡಲೇ ಬೆಚ್ಚಿಬಿದ್ದು ಎದ್ದುಹೋದವರನ್ನು ನೋಡಿದ್ದೀನಿ. ಅನುಮಾನ ಜಾಸ್ತಿ ಇರೋರಿಗೆ ಅದು ದಾಳಿ ಅನ್ನಿಸಬಹುದು. ನಾನು ಹೊಸಬರಿಗೆ ಮುಟ್ಟಬೇಡಿ ಅಂತಲೇ ಹೇಳೋದು.

ಚಾಕ್‌ಪೀಸ್

ಅನುಮಾನ ಇರೋರಿಗೆ ಸರಿ. ಆದರೆ ಈ ಹೆಂಗಸು ಡಿಪ್ರೆಶನ್‌ನಲ್ಲಿದ್ದಾರೆ, ಅಳ್ತಿದ್ದಾರೆ ಅಂತಿಟ್ಟುಕೊಳ್ಳಿ. "ಕೈ ಹಿಡ್ಕೊಳ್ಳಲಾ ಅಮ್ಮಾ" ಅಂತ ಕೇಳಿ ಹಿಡಿದರೆ? ಎಲ್ಲರಿಗೂ ಒಂದೇ ನಿಯಮ ಮಾಡಿದರೆ ನಮ್ಮ ಹುಡುಗಿಯರು ಕಲ್ಲಿನ ಥರ ಕೂರ್ತಾರೆ.

ರಾತ್ರಿಪಾಳಿ

ಕೇಳಿ ಹಿಡಿಯೋದಾದರೆ ಸರಿ ಅನ್ನಬಹುದೇನೋ. ಆದರೂ ಮೊದಲ ಭೇಟಿಯಲ್ಲೇ? ಊಹೂಂ.

ಮೂರನೇವರ್ಷ

ಚಾಕ್‌ಪೀಸ್ ಮೇಡಂ, ನಿಮ್ಮ ಪ್ರಶ್ನೆ ಓದಿ ರೆಕಾರ್ಡಿಂಗ್ ಇನ್ನೊಮ್ಮೆ ಕೇಳಿದೆ. ಅವಳು "ನಾನಿಲ್ಲ ಅಂದ್ರೆ" ಅಂದು ಮುಗಿಸೋದಕ್ಕೂ ಮೊದಲೇ ನನ್ನ "ಹಾಗೆಲ್ಲ" ಶುರುವಾಗಿದೆ. ಅವಳ "ಇರ್ತಾರೆ" ಮೇಲೆ ನನ್ನ ಮಾತು ಹತ್ತಿ ಕೂತಿದೆ. ಬರೆಯುವಾಗ ನೀಟಾಗಿ ಬೇರೆ ಬೇರೆ ಸಾಲು ಮಾಡಿದ್ದೆ. ನಿಜ ಹೇಳಬೇಕಂದ್ರೆ ಆ ಮಾತು ಕೇಳಿ ನಂಗೆ ಭಯ ಆಯ್ತು, ಸುಮ್ನೆ ನಟನೆ ಅಂತ ಗೊತ್ತಿದ್ರೂ. ನಾನು ಬಾಯಿ ಮುಚ್ಚಿಸೋಕೆ ನೋಡಿದ್ದು.

ಈಗ ಐದು ಮತ್ತು ಆರನ್ನು ಅಳಿಸಿ ಸಿಸ್ಟರ್ ಹೇಳಿದ ಹಾಗೆ ಬರೆದು ಕೊಟ್ಟುಬಿಡಲಾ?

ಚಾಕ್‌ಪೀಸ್

ಅಳಿಸಬೇಡಿ! ಮಾತಿನ ಮೇಲೆ ಮಾತು ಬಿದ್ದಿದ್ದೂ ಸೇರಿ ಆಗಿದ್ದು ಆಗಿದ್ದ ಹಾಗೇ ಇರಲಿ. ಕೆಳಗೆ ಏನು ತಪ್ಪಾಯ್ತು, ಹೇಗೆ ಗೊತ್ತಾಯ್ತು, ಬದಲಿಗೆ ಏನು ಹೇಳಬಹುದಿತ್ತು ಅಂತ ಬರೆಯಿರಿ. ನಾನಾದರೆ ಮಾರ್ಕ್ಸ್ ಕೊಡೋದು ಅಲ್ಲಿ. ಆರನೇ ಸಾಲಿಗೆ ನೀವು ಹೆಸರೇ ಕೊಟ್ಟಿಲ್ಲ ನೋಡಿ, ವಿಷಯ ಬದಲಿಸಿದ್ದು ಅಂತ ನೀವೇ ಬರೆಯಿರಿ.

ಇನ್ನೊಂದು ಕೆಲಸ ಮಾಡಿ. ನಿಜವಾದ ರೋಗಿಯನ್ನು ಕೇಳೋಕೆ ಆಗಲ್ಲ, ನಿಮ್ಮ ಗೆಳತಿಯನ್ನು ಕೇಳಬಹುದಲ್ಲ. ಐದನೇ ಸಾಲು ಕಿವಿಗೆ ಬಿದ್ದಾಗ ಅವಳಿಗೆ ಏನಾಯ್ತು ಅಂತ.

ಮೂರನೇವರ್ಷ

ಕೇಳಿದೆ. ಹೀಗಂದಳು: "ಇನ್ನೂ ಎರಡು ಮಾತು ಹೇಳೋಣ ಅಂತಿದ್ದೆ ಕಣೇ. ನೀನು ಮಕ್ಕಳು ಅಂದೆ, ಇನ್ನು ಇವಳ ಹತ್ರ ಹೇಳೋಕೆ ಆಗಲ್ಲ ಅಂತ ಹೂಂ ಅಂದುಬಿಟ್ಟೆ." ಇದನ್ನೇ ಐದನೇ ಸಾಲಿನ ಪಕ್ಕದಲ್ಲಿ ಬರೆದಿದ್ದೀನಿ. ರಿಫ್ಲೆಕ್ಷನ್ ಅಂತ ಇದ್ದಿದ್ದನ್ನು ಹೊಡೆದು ಹಾಕಿದ್ದೀನಿ, ಅಳಿಸಿಲ್ಲ. ಸೋಮವಾರ ಕೊಡಬೇಕು.